ಅಪ್‌ಡೇಟ್: ಸಾಕೆಟ್‌ನ 90 ವೋಲ್ಟ್ ಗುಟ್ಟು ಸಿಕ್ತು

ನಾನು ಕೇಳಿದ್ದು: "ಫೇಸ್–ನ್ಯೂಟ್ರಲ್ 231 ವೋಲ್ಟ್, ಆದ್ರೆ ಫೇಸ್–ಅರ್ತ್ ಬರೀ 90. ಯಾಕೆ?"

ಅರ್ತ್ ವೈರ್ ಸ್ಕ್ರೂನಿಂದ ಕಳಚಿಕೊಂಡಿತ್ತು. ಫೇಸ್-ನ್ಯೂಟ್ರಲ್ ಅದಲುಬದಲಾಗಿದೆ ಅನ್ನೋ ಊಹೆ ಹೊಂದಲಿಲ್ಲ. ಹಾಗಿದ್ದಿದ್ರೆ ನ್ಯೂಟ್ರಲ್ ತೂತು–ಅರ್ತ್ ನಡುವೆ 230ರ ಹತ್ತಿರ ಬರಬೇಕಿತ್ತು. ಪಕ್ಕದ ಸಾಕೆಟ್ ಜೊತೆ ಹೋಲಿಸಿ ಅಂದವರ ಸಲಹೆಯೇ ದಾರಿ ತೋರಿಸಿದ್ದು: ಅಲ್ಲಿ ಫೇಸ್–ಅರ್ತ್ 230, ನ್ಯೂಟ್ರಲ್–ಅರ್ತ್ 1.4. ತೊಂದರೆ ಈ ಒಂದು ಡಬ್ಬಿಯದ್ದೇ ಅಂತ ಖಾತ್ರಿ ಆಯ್ತು.

ಮೇನ್ ಆಫ್ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿಕೊಂಡೇ ಬಿಚ್ಚಿದ್ದು. ಬಿಗಿ ಮಾಡಿದ ಮೇಲೆ ಇಲ್ಲೂ 230.

ಮತ್ತೆ ಆ 90? ಡಿಜಿಟಲ್ ಮೀಟರ್ ಎಳೆಯೋ ಕರೆಂಟ್ ತೀರಾ ಕಮ್ಮಿ. ವೈರ್ ಕಳಚಿದ್ರಿಂದ ಸಾಕೆಟ್‌ನ ಅರ್ತ್ ತೂತು ಎಲ್ಲೂ ಸೇರದೆ ಉಳಿದಿತ್ತು; ಹಾಗಿದ್ದಾಗ ಪಕ್ಕದ ವೈರ್‌ಗಳಿಂದಾಗಿ ಹೀಗೆ ಹುಸಿ ವೋಲ್ಟೇಜ್ ತೋರಿಸಬಹುದಂತೆ. ಮೀಟರ್ ಬದಲಾದ್ರೆ ಆ ಅಂಕಿಯೂ ಬದಲಾಗುತ್ತೆ.