ಮೆಡಿಕಲ್ ಬಿಲ್ ಕೊಟ್ಟ ಮೇಲೂ ಟ್ಯಾಕ್ಸ್ ಯಾಕೆ?

ಸೌಮ್ಯ: ನನ್ನ ಪೇಸ್ಲಿಪ್‌ನಲ್ಲಿ ಮೆಡಿಕಲ್ ರೀಇಂಬರ್ಸ್‌ಮೆಂಟ್ ಅಂತ ವರ್ಷಕ್ಕೆ 15,000 ಇದೆ. 2024-25ರಲ್ಲಿ 9,400ಕ್ಕೆ ಬಿಲ್ ಕೊಟ್ಟು ದುಡ್ಡು ತಗೊಂಡೆ. ಉಳಿದ 5,600 ಮಾರ್ಚ್ ಸಂಬಳಕ್ಕೆ ಸೇರಿಸಿ ಟ್ಯಾಕ್ಸ್ ಹಿಡಿದರು, ಅದು ಸರಿ. ಆದರೆ 9,400ಕ್ಕೂ ಹಿಡಿದಿದ್ದಾರೆ! ನಾನು ಹಳೇ ರೆಜೀಮ್, 20% ಸ್ಲ್ಯಾಬ್. ಎಚ್‌ಆರ್ ಸರಿಯಾಗಿ ಉತ್ತರ ಕೊಡ್ತಿಲ್ಲ.

ಮಂಜುನಾಥ: ಎಚ್‌ಆರ್ ತಪ್ಪು ಮಾಡಿದ್ದಾರೆ ಮೇಡಂ. ಬಿಲ್ ಕೊಟ್ಟರೆ 15,000ದವರೆಗೆ ಟ್ಯಾಕ್ಸ್ ಇಲ್ಲ, ಕೊಡದೇ ಉಳಿದದ್ದಕ್ಕೆ ಮಾತ್ರ. ನಾನು ವರ್ಷಾನುಗಟ್ಟಲೆ ಹಾಗೇ ಮಾಡಿದ್ದೀನಿ. ಬಿಡಬೇಡಿ, ಕೇಳಿ.

ವೀಣಾ (ಸಿಎ): ಮಂಜುನಾಥ್ ಸರ್, ನೀವು ಹೇಳಿದ್ದು 2017-18ರವರೆಗೆ ಸರಿ. ಆಗ ಇದೇ ಲೆಕ್ಕ ಆಗಿದ್ದರೆ 9,400 ಪೂರ್ತಿ ಬಿಡುಗಡೆ, 5,600 ಮಾತ್ರ ಸಂಬಳಕ್ಕೆ ಸೇರುತ್ತಿತ್ತು. 2018ರ ಬಜೆಟ್‌ನಲ್ಲಿ ಆ 15,000ದ ರಿಯಾಯಿತಿಯನ್ನೂ ವರ್ಷಕ್ಕೆ 19,200ರ ಟ್ರಾನ್ಸ್‌ಪೋರ್ಟ್ ಅಲೊವೆನ್ಸ್ ರಿಯಾಯಿತಿಯನ್ನೂ ತೆಗೆದು, ಬದಲಿಗೆ 40,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟರು. ಈಗ ಹಳೇ ರೆಜೀಮ್‌ನಲ್ಲಿ ಅದು 50,000. ಅದಕ್ಕೆ ಬಿಲ್ ಬೇಕಿಲ್ಲ.

ಹಾಗಾಗಿ ಸೌಮ್ಯ, ನಿಮ್ಮ 15,000ವೂ ಟ್ಯಾಕ್ಸ್‌ಗೆ ಬರುತ್ತದೆ. 20%, ಮೇಲೆ 4% ಸೆಸ್, ಒಟ್ಟು 3,120 ರೂಪಾಯಿ. ಬಿಲ್ ಕೊಟ್ಟಿದ್ದರೂ ಅಷ್ಟೇ, ಕೊಡದಿದ್ದರೂ ಅಷ್ಟೇ. ಬಿಲ್ ಈಗ ಕಂಪನಿಯ ನಿಯಮಕ್ಕೆ ಮಾತ್ರ. ದುಡ್ಡು ವರ್ಷದ ಮಧ್ಯೆ ಸಿಗುತ್ತದಾ, ಮಾರ್ಚ್‌ನಲ್ಲಿ ಸಿಗುತ್ತದಾ ಅನ್ನೋದು ಅದರಿಂದ ತೀರ್ಮಾನ ಆಗುತ್ತದೆ.

ಕಿರಣ್: ನಮ್ಮಲ್ಲಿ ಕ್ಲೈಮ್ ಮಾಡದೇ ಉಳಿದದ್ದು ಸಿಗೋದೇ ಇಲ್ಲ, ಮಾರ್ಚ್ 31ಕ್ಕೆ ಹೋಯ್ತು ಅಂದರೆ ಹೋಯ್ತು. ಅದಕ್ಕೂ ಟ್ಯಾಕ್ಸ್ ಇದೆಯಾ?

ವೀಣಾ (ಸಿಎ): ಇಲ್ಲ. ಬರಬೇಕಾದ ಹಕ್ಕೇ ಇಲ್ಲದ, ಕೈಗೂ ಬಾರದ ದುಡ್ಡು ನಿಮ್ಮ ಸಂಬಳ ಅಲ್ಲ. ಸುಮ್ನೆ ಲಿಮಿಟ್ ಇದೆ ಅಂತ ಪೂರ್ತಿ 15,000 ಸೇರಿಸಿದ್ದರೆ ಅದು ತಪ್ಪು, ತಿದ್ದಿಸಿ. ನಿಮ್ಮಂಥವರಿಗೆ ಬಿಲ್ ಹುಡುಕಿ ಕೊಡೋದು ನಿಜಕ್ಕೂ ಲಾಭ, ಯಾಕಂದರೆ ಟ್ಯಾಕ್ಸ್ ಹೋದರೂ 20% ಸ್ಲ್ಯಾಬ್‌ನವರಿಗೆ ನೂರಕ್ಕೆ ಎಪ್ಪತ್ತೊಂಬತ್ತು ರೂಪಾಯಿ ಚಿಲ್ಲರೆ ಉಳಿಯುತ್ತದೆ.

ಉಲ್ಟಾ ತಪ್ಪೂ ಆಗುತ್ತದೆ. ಪೇರೋಲ್ ಸಾಫ್ಟ್‌ವೇರ್‌ನಲ್ಲಿ ಹಳೇ ಸೆಟ್ಟಿಂಗ್ ಹಾಗೇ ಬಿಟ್ಟು, ಬಿಲ್ ಕೊಟ್ಟವರ ದುಡ್ಡನ್ನು ಲೆಕ್ಕದಿಂದ ಹೊರಗಿಟ್ಟಿರುತ್ತಾರೆ. ಹನ್ನೆರಡು ಪೇಸ್ಲಿಪ್‌ಗಳ ಗ್ರಾಸ್ ಮತ್ತು ಬೇರೆಯಾಗಿ ಬಂದ ಕ್ಲೈಮ್ ದುಡ್ಡು ಕೂಡಿಸಿ, ಫಾರ್ಮ್ 16ರ ಪಾರ್ಟ್ ಬಿಯಲ್ಲಿ 17(1), 17(2)ರ ಮೊತ್ತದ ಜೊತೆ ಇಟ್ಟು ನೋಡಿ. ಕ್ಲೈಮ್ ಮಾಡಿದಷ್ಟೇ ಕಡಿಮೆ ಇದ್ದರೆ ಅದೇ ಕಾರಣ ಇರಬಹುದು. ಟಿಡಿಎಸ್ ಹಿಡಿಯಲಿಲ್ಲ ಅಂತ ಟ್ಯಾಕ್ಸ್ ಮಾಫಿ ಆಗಲ್ಲ, ರಿಟರ್ನ್‌ನಲ್ಲಿ ನೀವೇ ಸೇರಿಸಬೇಕು.

ಇಬ್ರಾಹಿಂ: ನನ್ನದೂ ಇದೇ ಅಲ್ವಾ? ಹೆಂಡತಿ ಆಪರೇಷನ್ ಬಿಲ್ 80,000 ಕಂಪನಿಯೇ ಕೊಟ್ಟಿತು. ಕಂಪನಿ ಲಿಸ್ಟ್‌ನಲ್ಲಿದ್ದ ಆಸ್ಪತ್ರೆ. ಅದೂ ಸಂಬಳಕ್ಕೆ ಸೇರಿದರೆ ಕಷ್ಟ.

ವೀಣಾ (ಸಿಎ): ನಿಮ್ಮದು ಬೇರೆ, ಭಾಯ್. 2018ರಲ್ಲಿ ಹೋದದ್ದು ಆ 15,000ದ ಸಾಲು ಮಾತ್ರ. ಸರ್ಕಾರಿ ಆಸ್ಪತ್ರೆ, ಸರ್ಕಾರ ತನ್ನ ನೌಕರರ ಚಿಕಿತ್ಸೆಗೆ ಒಪ್ಪಿದ ಆಸ್ಪತ್ರೆ, ಕಂಪನಿಯೇ ನಡೆಸುವ ಆಸ್ಪತ್ರೆ, ಇವುಗಳ ಖರ್ಚಿಗೆ ಇನ್ನೂ ಟ್ಯಾಕ್ಸ್ ಇಲ್ಲ. ಆದರೆ ಕಂಪನಿಯ ಲಿಸ್ಟ್ ಬೇರೆ, ಸರ್ಕಾರದ ಒಪ್ಪಿಗೆ ಬೇರೆ. ಆಸ್ಪತ್ರೆಯಿಂದ ಒಪ್ಪಿಗೆ ಪತ್ರದ ನಕಲು ಕೇಳಿ ಪೇರೋಲ್‌ನವರಿಗೆ ಕೊಡಿ. ಮತ್ತೆ, ಬಿಲ್ ಕಟ್ಟಿದ್ದು ಕಂಪನಿಯಾ, ಗ್ರೂಪ್ ಇನ್ಶೂರೆನ್ಸಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಇನ್ಶೂರೆನ್ಸ್ ಕ್ಲೈಮ್ ಆಗಿದ್ದರೆ ಈ ತಲೆಬಿಸಿಯೇ ಇಲ್ಲ.

ಸೌಮ್ಯ: ಅರ್ಥ ಆಯ್ತು ಮೇಡಂ. ನನ್ನ ಬಿಲ್‌ಗಳಲ್ಲಿ 6,000ದಷ್ಟು ಅಮ್ಮನ ಶುಗರ್, ಬಿಪಿ ಮಾತ್ರೆ. ಅವರಿಗೆ 66, ಇನ್ಶೂರೆನ್ಸ್ ಇಲ್ಲ. ಕಂಪನಿ ದುಡ್ಡಿಗೆ ಟ್ಯಾಕ್ಸ್ ಹಿಡಿದ ಮೇಲೆ ಅದೇ ಬಿಲ್ 80ಡಿಗೆ ತೋರಿಸಬಹುದಾ?

ಮಂಜುನಾಥ: ಟ್ಯಾಕ್ಸ್ ಕಟ್ಟಿದ್ದೀರಿ ಅಂದರೆ ಅದು ನಿಮ್ಮ ದುಡ್ಡೇ. ತೋರಿಸಿ.

ವೀಣಾ (ಸಿಎ): ಸರ್ ವಾದದಲ್ಲಿ ಹುರುಳಿದೆ. ಆದರೆ ಕಂಪನಿ ತುಂಬಿಕೊಟ್ಟ ಖರ್ಚು ನಿಮ್ಮದೇ ಹೇಗೆ ಅಂತ ಅಧಿಕಾರಿ ಕೇಳಿದರೆ ನಾವು ವಾದ ಮಾಡುತ್ತಾ ಕೂರಬೇಕು. ನನ್ನ ಕಕ್ಷಿದಾರರಿಗೆ ನಾನು ಬೇಡ ಅಂತಲೇ ಹೇಳುತ್ತೀನಿ. ಅಮ್ಮನ ಬಿಲ್‌ಗಳನ್ನು ಮುಂದೆ ಕಂಪನಿಗೆ ಕೊಡಲೇಬೇಡಿ, ನಿಮ್ಮಲ್ಲಿ ಉಳಿದದ್ದು ಮಾರ್ಚ್‌ನಲ್ಲಿ ಹೇಗೂ ಸಿಗುತ್ತದಲ್ಲ. 60 ದಾಟಿದ, ಇನ್ಶೂರೆನ್ಸ್ ಇಲ್ಲದ ತಂದೆತಾಯಿಯ ಖರ್ಚಿಗೆ ಹಳೇ ರೆಜೀಮ್‌ನಲ್ಲಿ 50,000ದವರೆಗೆ 80ಡಿ ಸಿಗುತ್ತದೆ. ಆದರೆ ಮಾತ್ರೆಗೆ ನಗದು ಕೊಡಬೇಡಿ, ಯುಪಿಐ ಅಥವಾ ಕಾರ್ಡ್‌ನಲ್ಲೇ ಕಟ್ಟಿ. ನಗದು ಕೊಟ್ಟ ಬಿಲ್ ಅಲ್ಲಿ ನಡೆಯಲ್ಲ.

ಮಂಜುನಾಥ: ನಾನಾದರೆ ತೋರಿಸ್ತೀನಿ.