ಸಹಾಯ ಬೇಕು: ಗೇಮ್‌ನಲ್ಲಿ ರಂಗ ಊಟ ಬಿಟ್ಟು ಚಿತ್ರ ಬರೀತಾನೇ ಇರ್ತಾನೆ

ನಮಸ್ಕಾರ, ನಾನು ತುಮಕೂರಿನವನು. ದಿ ಸಿಮ್ಸ್ ತರಹದ ಪುಟ್ಟ ಗೇಮ್ ಮಾಡುತ್ತಿದ್ದೇನೆ. ಕ್ಯಾತ್ಸಂದ್ರದ ಒಂದು ಮನೆ, ಅದರಲ್ಲಿ ರಂಗ ಅನ್ನೋ ಹುಡುಗ. ಹೊಟ್ಟೆ, ನಿದ್ದೆ, ಮೋಜು ಮೂರಕ್ಕೂ 100ರ ಮೀಟರ್.

ಸಿಮ್ಸ್‌ನಂತೆ ಇಲ್ಲೂ ವಸ್ತುಗಳೇ ಅವನನ್ನು ಕರೆಯುತ್ತವೆ. ತಟ್ಟೆ ಇಡ್ಲಿ ಹೊಟ್ಟೆಗೆ 40 ಕೊಡುತ್ತದೆ. ಮೀಟರ್ ಕೆಳಗಿದ್ದಷ್ಟೂ ಆ ಕರೆಗೆ ಅಂಕ ಜಾಸ್ತಿ. ಹೊಟ್ಟೆ 20 ಇದ್ದರೆ 40ರಲ್ಲಿ ಶೇಕಡಾ 80, ಅಂದರೆ 32. ಹೆಚ್ಚು ಅಂಕದ್ದು ಗೆಲ್ಲುತ್ತದೆ. ಇಷ್ಟರವರೆಗೆ ಚೆನ್ನಾಗಿತ್ತು.

ರಂಗನಿಗೆ ಚಿತ್ರಕಾರನಾಗುವ ಆಸೆ ಕೊಟ್ಟು, ಬ್ರಷ್ಷಿಗೆ 45 ಬೋನಸ್ ಸೇರಿಸಿದೆ. ಹೊಟ್ಟೆ 0 ಆದರೂ ಇಡ್ಲಿಗೆ ಸಿಗುವುದು 40 ಮಾತ್ರ ಅಲ್ವಾ? ಪಾಪ, ಬರೆಯುತ್ತಲೇ ಕುಸಿದು ಬೀಳುತ್ತಾನೆ. ಬೋನಸ್ 10ಕ್ಕೆ ಇಳಿಸಿದರೆ, ಮೋಜು ತುಂಬಿದಾಗ ಬ್ರಷ್ಷಿಗೆ ಆ 10 ಮಾತ್ರ; ನಿದ್ದೆ 80 ಇದ್ದರೂ, 60 ಕೊಡುವ ಹಾಸಿಗೆಗೆ 12 ಬಂದು ಸುಮ್ನೆ ಮಲಗಿಬಿಡುತ್ತಾನೆ.

ಆಮೇಲೆ ಮೂಡ್ 50 ದಾಟಿದರೆ ಮಾತ್ರ ಬೋನಸ್ ಅಂತ ಮಾಡಿದೆ. ಆದರೆ ಮೂಡ್ ಅನ್ನೋದು ಮೂರರ ಸರಾಸರಿ. ಹೊಟ್ಟೆ 0, ಉಳಿದೆರಡು 100 ಇದ್ದರೂ 67 ತೋರಿಸುತ್ತದೆ. ಸರಾಸರಿ ಬದಲು ಎಲ್ಲಕ್ಕಿಂತ ಕೆಳಗಿನ ಮೀಟರ್ ನೋಡಿದರೆ, 50ರ ಹತ್ತಿರ ಇಡ್ಲಿ, ಬ್ರಷ್ ಮಧ್ಯೆ ಓಡಾಡುತ್ತಲೇ ಇರುತ್ತಾನೆ. 30ಕ್ಕೆ ಬೋನಸ್ ನಿಲ್ಲಿಸಿ, 60 ದಾಟಿದ ಮೇಲೆ ಮತ್ತೆ ಕೊಡುವುದು ಸರಿಯೇ? ಹೀಗೆ ಮಾಡಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.