ಐದು ಟಿಪ್ಸ್‌ನ ಶಾರ್ಟ್ಸ್: ಗಟ್ಟಿ ಟಿಪ್ ಎಲ್ಲಿಡಬೇಕು?

ಕೇಳಿದವರು: ಕಬ್ಬಿಣದ ಕಾವಲಿಗೆ ದೋಸೆ ಅಂಟದಿರಲು 5 ಟಿಪ್ಸ್ ಅಂತ 42 ಸೆಕೆಂಡಿನ ಯೂಟ್ಯೂಬ್ ಶಾರ್ಟ್ಸ್ ಹಾಕಿದ್ದೀನಿ. ಕ್ರಮ ಹೀಗಿದೆ: ಹಿಟ್ಟು ಹುಯ್ಯೋ ಮುಂಚೆ ನೀರು ಚಿಮುಕಿಸಿ ಒರೆಸೋದು, ಈರುಳ್ಳಿ ಉಜ್ಜೋದು, ಸೋಪು ಹಾಕದಿರೋದು, ತೊಳೆದ ಮೇಲೆ ಎಣ್ಣೆ ಸವರೋದು, ಚಪಾತಿ ಕಾವಲಿ ಬೇರೆ ಇಡೋದು. ಮೊದಲನೇದೇ ಎಲ್ಲಕ್ಕಿಂತ ಒಳ್ಳೇ ಟಿಪ್. ಅದು ಮುಗೀತಿದ್ದ ಹಾಗೆ, ಎಷ್ಟು ಜನ ಇನ್ನೂ ನೋಡ್ತಿದ್ದಾರೆ ಅಂತ ತೋರಿಸೋ ಗ್ರಾಫ್ ಜಾರುತ್ತೆ. ಯಾವುದನ್ನ ಎಲ್ಲಿಟ್ಟರೆ ಜನ ಕೊನೆವರೆಗೂ ನೋಡ್ತಾರೆ?

ಉತ್ತರ, ಅಡುಗೆ ಪೇಜ್ ನಡೆಸುವವರು: ಗಟ್ಟಿ ಟಿಪ್ ಮೊದಲೇ ಇರಲಿ ಮೇಡಂ, ತೆಗೀಬೇಡಿ. ಶಾರ್ಟ್ಸ್‌ನಲ್ಲಿ ಮೊದಲ ಎರಡು ಮೂರು ಸೆಕೆಂಡಲ್ಲೇ ಬೆರಳು ಮೇಲೆ ಹೋಗುತ್ತೆ. ಒಳ್ಳೇದನ್ನ ಕೊನೆಗೆ ಬಚ್ಚಿಟ್ಟರೆ ಅಲ್ಲೀವರೆಗೂ ಬರೋರು ಯಾರು?

ಉತ್ತರ, ಮೈಸೂರಿನ ಎಡಿಟರ್: ಮೊದಲ ಮೂರು ಸೆಕೆಂಡಿನ ಮಾತು ಸರಿ. ಆದರೆ ಆ ಮೂರು ಸೆಕೆಂಡಿಗೆ ಬೇಕಾಗಿರೋದು ಗಟ್ಟಿ ದೃಶ್ಯ, ಗಟ್ಟಿ ಟಿಪ್ ಅಲ್ಲ. ಇವೆರಡನ್ನ ಬಿಡಿಸಿ ನೋಡಿದರೆ ಅಕ್ಕ, ನಿಮ್ಮ ತೊಡಕು ಅಲ್ಲೇ ಅರ್ಧ ಬಿಡುತ್ತೆ.

ಕಾವಲಿ ವಿಪರೀತ ಕಾದಿದ್ದಾಗ ಹಿಟ್ಟು ಹುಯ್ದರೆ ಏನಾಗುತ್ತೆ? ಹರಡೋಕೆ ಹೋದರೆ ಸೌಟಿನ ಜೊತೆಗೇ ಮುದ್ದೆಯಾಗಿ ಎದ್ದು ಬರುತ್ತೆ. ಅದನ್ನ ಹತ್ತಿರದಿಂದ ಶೂಟ್ ಮಾಡಿ, ವಿಡಿಯೋ ಅದರಿಂದಲೇ ಶುರುವಾಗಲಿ. ಮೇಲೆ ಒಂದೇ ಸಾಲು: "ಎಣ್ಣೆ ಹಾಕಿದ್ರೂ ಹೀಗಾಗುತ್ತಾ?" ದೋಸೆ ಮಾಡೋರೆಲ್ಲ ಇದನ್ನ ಅನುಭವಿಸಿದ್ದಾರೆ, ನಿಲ್ಲುತ್ತಾರೆ. ಇದಕ್ಕೆ ನೇರ ಉತ್ತರ ನಿಮ್ಮ ನೀರು ಚಿಮುಕಿಸಿ ಒರೆಸೋ ಟಿಪ್. ಅದನ್ನ ಕೊನೆಗೆ ಇಡಿ. ಶುರುವಿನ ಪ್ರಶ್ನೆಗೆ ಕೊನೆಯದು ಉತ್ತರ ಆಗದೇ ಇದ್ದರೆ ಅದು ಎಷ್ಟು ಒಳ್ಳೆಯದಾದರೂ ಯಾರೂ ಕಾಯಲ್ಲ. "ಕೊನೇ ಟಿಪ್ ಮಿಸ್ ಮಾಡ್ಬೇಡಿ" ಅಂತ ಬಾಯಲ್ಲಿ ಹೇಳಿದರೆ ಕಾಯೋ ಬದಲು ಕೆಳಗಿನ ಗೆರೆ ಎಳೆದು ನೇರ ಅಲ್ಲಿಗೇ ಹಾರೋರೂ ಇದ್ದಾರೆ.

ಉಳಿದವನ್ನ ಜೋಡಿಸೋಕೆ ಎರಡೇ ಪ್ರಶ್ನೆ ಹಾಕಿಕೊಳ್ಳಿ. ಇದು ನೋಡೋರಿಗೆ ಮೊದಲೇ ಗೊತ್ತಾ? ಫಲ ಕಣ್ಣಿಗೆ ಕಾಣುತ್ತಾ? ಈರುಳ್ಳಿ ಉಜ್ಜೋದು ಎಲ್ಲರ ಮನೆಯಲ್ಲೂ ಇದೆ, ಅದಕ್ಕೆ 4 ಸೆಕೆಂಡ್ ಸಾಕು. ಚಪಾತಿ ಕಾವಲಿ ಬೇರೆ ಇಡೋದು ತುಂಬಾ ಜನಕ್ಕೆ ಹೊಳೆದಿರಲ್ಲ. ಎಣ್ಣೆಯಿಲ್ಲದೆ ದಿನಾ ಚಪಾತಿ ಸುಟ್ಟರೆ ಕಾವಲಿ ಮೇಲಿನ ಎಣ್ಣೆಯ ಪದರ ಹೋಗುತ್ತೆ ಅನ್ನೋ ಕಾರಣವನ್ನೂ ಒಂದೇ ವಾಕ್ಯದಲ್ಲಿ ಹೇಳಬಹುದು. ಇದು ನಿಮ್ಮ ಎರಡನೇ ಗಟ್ಟಿ ಟಿಪ್, ಮೊದಲು ಬರಬೇಕು. ಮೊದಲ ಟಿಪ್ಪೇ ಸಪ್ಪೆಯಾದರೆ ಉಳಿದವೂ ಹೀಗೇ ಅಂದುಕೊಂಡು ಹೋಗಿಬಿಡುತ್ತಾರೆ. ಸೋಪು ಮತ್ತು ಎಣ್ಣೆ ಸವರೋದು ಎರಡಲ್ಲ, ಒಂದೇ ಕೆಲಸದ ಎರಡು ತುದಿ. ಸೇರಿಸಿಬಿಡಿ. ನಾಲ್ಕಾದರೆ ಟೈಟಲ್‌ನಲ್ಲೂ 4 ಅಂತ ತಿದ್ದಿ.

ಹೀಗೆ ಕೂರುತ್ತೆ:

0–3: ಸೌಟಿಗೆ ಅಂಟಿ ಎದ್ದ ಹಿಟ್ಟು
3–11: ಚಪಾತಿ ಕಾವಲಿ ಬೇರೆ
11–15: ಈರುಳ್ಳಿ
15–24: ಸೋಪಿಲ್ಲದೆ ತೊಳೆದು, ಒಣಗಿಸಿ, ಎಣ್ಣೆ ಸವರೋದು
24–37: ನೀರು ಚಿಮುಕಿಸಿ, ಒರೆಸಿ, ಹಿಟ್ಟು ಹುಯ್ದು, ದೋಸೆ ಎಬ್ಬಿಸೋದು

ಕೊನೆಯದಕ್ಕೆ ಹೆಚ್ಚು ಹೊತ್ತು ಕೊಟ್ಟಿದ್ದೀನಿ, ಯಾಕಂದ್ರೆ ಅಲ್ಲಿ ಮಾತಿಗಿಂತ ಸದ್ದು ಕೆಲಸ ಮಾಡುತ್ತೆ. ನೀರು ಬಿದ್ದಾಗಿನ ಚುಂಯ್, ಬಟ್ಟೆಯ ಒಂದು ಸುತ್ತು, ಹಿಟ್ಟು ನುಣ್ಣಗೆ ಹರಡೋದು. ಹಿನ್ನೆಲೆ ಸಂಗೀತ ಅಲ್ಲಿ ಪೂರ್ತಿ ತಗ್ಗಿಸಿ. ದೋಸೆಯ ಅಂಚು ತಾನೇ ಎದ್ದ ಕೂಡಲೇ ವಿಡಿಯೋ ಕತ್ತರಿಸಿ. "ಇಷ್ಟವಾದ್ರೆ ಸಬ್‌ಸ್ಕ್ರೈಬ್ ಮಾಡಿ" ಅಂತ ಶುರು ಮಾಡಿದರೆ ಮುಗೀತು ಅಂತ ಗೊತ್ತಾಗಿ ಆ ಕ್ಷಣಕ್ಕೇ ಹೋಗುತ್ತಾರೆ. ಇಲ್ಲಿ ಹಾಗೆ ಕತ್ತರಿಸಿದರೆ ವಿಡಿಯೋ ತಾನೇ ಮತ್ತೆ ಶುರುವಾದಾಗ ನುಣ್ಣನೆ ದೋಸೆಯ ಪಕ್ಕಕ್ಕೇ ಮುದ್ದೆ ಹಿಟ್ಟು ಬರುತ್ತೆ, ವ್ಯತ್ಯಾಸ ನೋಡೋಕೆ ಕೆಲವರು ನಿಲ್ಲುತ್ತಾರೆ.

ಉತ್ತರ, ಹೊಸಬರು: ರ‍್ಯಾಂಕಿಂಗ್ ಬರಬೇಕು ಅಂದ್ರೆ ಹ್ಯಾಶ್‌ಟ್ಯಾಗ್ ಸರಿಯಾಗಿ ಹಾಕಿ. ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಟೈಟಲ್ ಇದ್ರೆ ಸರ್ಚ್‌ನಲ್ಲಿ ಮೇಲೆ ಬರುತ್ತೆ.

ಉತ್ತರ, ಹುಬ್ಬಳ್ಳಿಯವರು: ಅವರು ಕೇಳಿದ್ದು ಸರ್ಚ್ ಅಲ್ರಿ, ವಿಡಿಯೋ ಒಳಗಿನ ಕ್ರಮ. ಎಡಿಟರ್ ಹೇಳಿದ್ದಕ್ಕ ಒಂದು ಮಾತು ಸೇರಸ್ತೀನಿ. ಮೇಡಂ, ನಿಮ್ಮ ಗ್ರಾಫ್ ಎಲ್ಲಿ ಇಳೀತದ ಅಂತ ಸೆಕೆಂಡ್ ಹಿಡಿದು ನೋಡ್ರಿ. ಒಂದು ಟಿಪ್ ಮುಗಿದು ಇನ್ನೊಂದು ಚಾಲೂ ಆಗೋ ಸಂದಿನಾಗ ಇಳಿದಿದ್ರ ಅದು ಕ್ರಮದ ತಪ್ಪು ಇರಲಿಕ್ಕಿಲ್ಲ, ಸಂದಿನ ತಪ್ಪು. ಅಲ್ಲಿ ಅರ್ಧ ಸೆಕೆಂಡ್ ಮೌನ ಇದ್ರೂ ಬೆರಳು ಏಳ್ತದ. ಹಿಂದಿನ ಟಿಪ್ಪಿನ ಕೊನೀ ಶಬ್ದ ಇನ್ನೂ ಕೇಳ್ತಿರೋವಾಗಲೇ ಮುಂದಿನ ಟಿಪ್ಪಿನ ಚಿತ್ರ ಬಂದಿರಬೇಕು. ಟಿಪ್ಪಿನ ನಡುವೇ ಇಳಿದಿದ್ರ ಮಾತ್ರ ಆ ಟಿಪ್ಪೇ ಸಪ್ಪ, ಸಣ್ಣದು ಮಾಡ್ರಿ ಇಲ್ಲಾ ತೆಗೀರಿ.

ಹಂಗ ವ್ಯೂಸ್ ನೋಡಿ ಮೋಸ ಹೋಗಬ್ಯಾಡ್ರಿ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಪ್ಲೇ ಆಗಲಿಕ್ಕೆ ಹತ್ತಿದ್ರ ಸಾಕು, ವ್ಯೂ ಅಂತ ಲೆಕ್ಕ. ಮತ್ತೊಮ್ಮೆ ಓಡಿದ್ರೂ ಅದೂ ಒಂದು. ಕ್ರಮ ಬದಲಿಸಿದ್ದು ಫಲ ಕೊಡ್ತೋ ಇಲ್ಲೋ ನೋಡ್ಲಿಕ್ಕೆ ಯೂಟ್ಯೂಬ್ ಸ್ಟುಡಿಯೋದಾಗ ಎಂಗೇಜ್ಡ್ ವ್ಯೂಸ್, ಅಂದ್ರ ತಕ್ಷಣ ಸರಿಸದೇ ನಿಂತು ನೋಡಿದ್ದರ ಲೆಕ್ಕ, ಮತ್ತ ಗ್ರಾಫಿನ ಆಕಾರ ನೋಡ್ರಿ.

ಉತ್ತರ, ಪರೀಕ್ಷಾ ಟಿಪ್ಸ್ ಚಾನೆಲ್‌ನವರು: ನಮ್ಮಲ್ಲಿ ಇದು ಹೊಂದಲ್ಲ. ಓಎಂಆರ್ ಹಾಳೆ ತುಂಬೋ ಟಿಪ್ಸ್‌ನಲ್ಲಿ ರಿಜಿಸ್ಟರ್ ನಂಬರ್ ಮೊದಲು, ಉತ್ತರದ ವೃತ್ತ ಆಮೇಲೆ. ಗಟ್ಟಿಯದು ನಡುವೆ ಸಿಕ್ಕಿಹಾಕಿಕೊಂಡಿದೆ. ಹಿಂದೆ ಮುಂದೆ ಮಾಡಿದರೆ ಮಕ್ಕಳಿಗೆ ಗೊಂದಲ.

ಉತ್ತರ, ಮೈಸೂರಿನ ಎಡಿಟರ್: ಅದು ಹಂತಗಳು ಸರ್, ಟಿಪ್ಸ್ ಅಲ್ಲ. ಒಂದರ ಮೇಲೊಂದು ನಿಂತಿರೋದನ್ನ ಕದಲಿಸಬಾರದು. "ಓಎಂಆರ್‌ನಲ್ಲಿ ಅಂಕ ಕಳೆಯೋ 4 ತಪ್ಪು" ಅಂತ ಮಾಡಿದರೆ ಒಂದೊಂದು ತಪ್ಪೂ ಬಿಡಿಬಿಡಿಯಾಗಿ ನಿಲ್ಲುತ್ತೆ, ಆಗ ಕ್ರಮ ನಿಮ್ಮ ಕೈಲಿರುತ್ತೆ.

ಕೇಳಿದವರು: ನಂಬರ್ ಹೇಗೆ ಹಾಕಲಿ? 4, 3, 2, 1 ಅಂತ ಇಳಿಸಲಾ?

ಉತ್ತರ, ಅಡುಗೆ ಪೇಜ್ ನಡೆಸುವವರು: ಇಳಿಸಿ. 1 ಬರೋವರೆಗೂ ಕಾಯ್ತಾರೆ. ಶುರುವಿನ ದೃಶ್ಯದ ವಿಷಯ ಒಪ್ಪಿದೆ, ನಾನು ಟಿಪ್ಪನ್ನೂ ದೃಶ್ಯವನ್ನೂ ಒಂದೇ ಅಂದುಕೊಂಡಿದ್ದೆ.

ಉತ್ತರ, ಹುಬ್ಬಳ್ಳಿಯವರು: ನನಗೆ ಒಪ್ಪಿಗಿ ಇಲ್ಲ. ಮೊದಲ ಟಿಪ್ಪಿಗೇ 4 ಅಂತ ಬರೆದ್ರ ಎಲ್ಲಾದಕ್ಕಿಂತ ಕೆಳಗಿಂದು ಅಂತ ನೀವೇ ಸಾರಿದಂಗ. ನಂಬರ್ ಬಿಟ್ಟು ಟಿಪ್ಪಿನ ಹೆಸರಷ್ಟೇ ಬರೀರಿ. ಪರದೆಯ ಕೆಳಭಾಗದಾಗ ಬ್ಯಾಡ, ಅಲ್ಲಿ ಟೈಟಲ್ ಕೂಡ್ತದ. ಬಲಗಡೆ ಲೈಕ್ ಬಟನ್ ಅದಾವ.

ಉತ್ತರ, ಮೈಸೂರಿನ ಎಡಿಟರ್: ಎರಡೂ ಬಗೆ ಮಾಡಿ ನೋಡಿ ಅಕ್ಕ. ಆದರೆ ಇದೇ ದೋಸೆ ವಿಡಿಯೋವನ್ನ ನಂಬರ್ ಬದಲಿಸಿ ಮತ್ತೆ ಹಾಕಬೇಡಿ, ನೋಡಿದವರಿಗೇ ಮತ್ತೆ ಸಿಕ್ಕರೆ ಹೋಲಿಕೆ ಕೆಡುತ್ತೆ. ಮುಂದಿನ ನಾಲ್ಕು ವಿಡಿಯೋದಲ್ಲಿ ಎರಡಕ್ಕೆ ನಂಬರ್ ಇಳಿಸಿ, ಎರಡಕ್ಕೆ ಹೆಸರು ಮಾತ್ರ ಹಾಕಿ. ಕೊನೇ ಟಿಪ್ ಶುರುವಾಗೋ ಸೆಕೆಂಡಿನಲ್ಲಿ ಎಷ್ಟು ಜನ ಉಳಿದಿದ್ದಾರೆ ಅನ್ನೋದೊಂದನ್ನೇ ಬರೆದಿಟ್ಟುಕೊಳ್ಳಿ.

ಕೇಳಿದವರು: ಹಿಟ್ಟು ಅಂಟಿ ಏಳೋ ಶಾಟ್ ನನ್ನ ಹತ್ರ ಇಲ್ಲ. ನಾಳೆ ಬೆಳಿಗ್ಗೆ ಕಾವಲಿ ಬೇಕಂತಲೇ ಜಾಸ್ತಿ ಕಾಯಿಸಿ ತೆಗೀತೀನಿ.